ಉಂಡ ಮೇಲೆ ಬರುವ ನಡುಕ

ಬೆಳಗ್ಗೆ ಎಂಟೂವರೆಗೆ ಒಂದು ಪ್ಲೇಟ್ ಕೇಸರಿಬಾತ್, ಜೊತೆಗೆ ಸಕ್ಕರೆ ಜಾಸ್ತಿ ಹಾಕಿದ ಕಾಫಿ. ಹನ್ನೊಂದು ದಾಟುವಷ್ಟರಲ್ಲಿ ಕಚೇರಿಯಲ್ಲಿ ಕುಳಿತ ನಲವತ್ತರ ಮಹಿಳೆಗೆ ಕೈ ನಡುಗುತ್ತದೆ, ಹಣೆಯಲ್ಲಿ ಬೆವರು, ಎದೆ ಡವಡವ, ತಡೆಯಲಾಗದ ಹಸಿವು. ಎರಡು ಬಿಸ್ಕತ್ತು ತಿಂದರೆ ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಸಕ್ಕರೆ ಕಾಯಿಲೆ ಇಲ್ಲ, ಯಾವ ಮಾತ್ರೆಯನ್ನೂ ನುಂಗುವುದಿಲ್ಲ. ‘ಶುಗರ್ ಲೋ ಆಗಿರಬೇಕು’ ಎನ್ನುತ್ತಾರೆ ಪಕ್ಕದವರು. ಇದು ಯಾರೋ ಒಬ್ಬರ ಕಥೆಯಲ್ಲ, ವೈದ್ಯರ ಮುಂದೆ ಮತ್ತೆ ಮತ್ತೆ ಬರುವ ದೂರಿನ ಮಾದರಿ.

ಊಟದಿಂದ ರಕ್ತಕ್ಕೆ ಸಕ್ಕರೆ ಏರಿದಾಗ ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಮೈದಾ, ರವೆ, ಸಕ್ಕರೆಯಂಥವು ಬೇಗ ಕರಗಿ ರಕ್ತದ ಸಕ್ಕರೆಯನ್ನು ಒಮ್ಮೆಲೇ ಏರಿಸುತ್ತವೆ. ಮಧುಮೇಹದ ಹೊಸ್ತಿಲಲ್ಲಿರುವ ಕೆಲವರಲ್ಲಿ ಇನ್ಸುಲಿನ್ ಮೊದಲಿಗೆ ತಡವರಿಸಿ, ಆಮೇಲೆ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತದೆ. ಅಷ್ಟು ಹೊತ್ತಿಗೆ ಊಟದ ಸಕ್ಕರೆ ಮುಗಿದಿರುತ್ತದೆ, ಇನ್ಸುಲಿನ್ ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ. ಉಂಡ ಎರಡರಿಂದ ನಾಲ್ಕು ಗಂಟೆಯ ನಡುವೆ ತೊಂದರೆ ಕಾಣಿಸುವುದು ಇದರಿಂದಲೇ.

ಬೊಜ್ಜು ಇಳಿಸಲು ಜಠರದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಕಾರಣ ಬೇರೆ. ಆಹಾರ ಜಠರದಲ್ಲಿ ನಿಲ್ಲದೆ ನೇರ ಸಣ್ಣ ಕರುಳಿಗೆ ನುಗ್ಗುತ್ತದೆ. ಕರುಳಿನ ಹಾರ್ಮೋನುಗಳು ಇನ್ಸುಲಿನನ್ನು ವಿಪರೀತ ಹೆಚ್ಚಿಸುತ್ತವೆ. ಸಾಮಾನ್ಯವಾಗಿ ಇದು ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದ ಮೇಲೆ ಶುರುವಾಗುವುದರಿಂದ ರೋಗಿಗೆ ಆ ನಂಟೇ ಹೊಳೆಯುವುದಿಲ್ಲ.

ಆದರೆ ನಡುಕ, ಬೆವರು ಬಂದವರಿಗೆಲ್ಲ ಸಕ್ಕರೆ ಇಳಿದಿರುವುದಿಲ್ಲ. ಆತಂಕ, ಥೈರಾಯ್ಡ್ ತೊಂದರೆ, ಹೆಚ್ಚಾದ ಕಾಫಿಯೂ ಇದನ್ನೇ ಮಾಡಬಲ್ಲವು. ಅದಕ್ಕೇ ವೈದ್ಯರು ಇಂದಿಗೂ ನ್ಯೂಯಾರ್ಕಿನ ಶಸ್ತ್ರವೈದ್ಯ ಆಲನ್ ವಿಪಲ್ 1930ರ ದಶಕದಲ್ಲಿ ಹಾಕಿಕೊಟ್ಟ ಅಳತೆಗೋಲನ್ನು ಬಳಸುತ್ತಾರೆ. ಲಕ್ಷಣಗಳು ಇರಬೇಕು, ಅದೇ ಹೊತ್ತಿನಲ್ಲಿ ರಕ್ತದ ಸಕ್ಕರೆ ಕಡಿಮೆ ಇರಬೇಕು, ಸಕ್ಕರೆ ಏರಿದಾಗ ಲಕ್ಷಣ ಹೋಗಬೇಕು. ಮೂರೂ ಕೂಡಿದರೆ ಮಾತ್ರ ಮುಂದಿನ ತನಿಖೆ. ಮಧುಮೇಹ ಇಲ್ಲದವರಲ್ಲಿ ಡೆಸಿಲೀಟರಿಗೆ 55 ಮಿಲಿಗ್ರಾಂಗಿಂತ ಕೆಳಗಿಳಿದರೆ ‘ಕಡಿಮೆ’ ಎನ್ನುತ್ತಾರೆ.

ನಮ್ಮ ಮಾದರಿಯ ಮಹಿಳೆ ಮನೆಯ ಗ್ಲುಕೋಮೀಟರಿನಲ್ಲಿ ನೋಡಿಕೊಂಡಾಗ 64 ಬಂತು ಎನ್ನೋಣ. ಇಷ್ಟು ಕೆಳಗಿನ ಮಟ್ಟದಲ್ಲಿ ಒಳ್ಳೆಯ ಮೀಟರಿಗೂ 15ರಷ್ಟು ಆಚೀಚೆ ಹೋಗಲು ಅವಕಾಶವಿದೆ. ನಿಜವಾದ ಅಂಕಿ 50 ಇರಬಹುದು, 78ಯೂ ಇರಬಹುದು. ಹೀಗಾಗಿ ಬೆರಳಿನ ಹನಿ ಸುಳಿವು ಕೊಡಬಹುದೇ ಹೊರತು ತೀರ್ಪು ಕೊಡಲಾರದು. ತೀರ್ಪಿಗೆ ರಕ್ತನಾಳದಿಂದ ತೆಗೆದ ರಕ್ತವೇ ಬೇಕು. ಅದನ್ನೂ ತಡಮಾಡದೆ ಪರೀಕ್ಷಿಸಬೇಕು, ಏಕೆಂದರೆ ಕೊಳವೆಯಲ್ಲಿ ನಿಂತ ರಕ್ತದ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ.

ಗ್ಲೂಕೋಸ್ ನೀರು ಕುಡಿಸಿ ಮಾಡುವ ಪರೀಕ್ಷೆ ಇಲ್ಲಿ ದಾರಿ ತಪ್ಪಿಸುತ್ತದೆ. ಅದನ್ನು ಕುಡಿದ ಆರೋಗ್ಯವಂತರಲ್ಲೂ ಸುಮಾರು ಹತ್ತರಲ್ಲಿ ಒಬ್ಬರಿಗೆ ಕೆಲವು ಗಂಟೆಗಳ ನಂತರ ಸಕ್ಕರೆ 50ಕ್ಕಿಂತ ಇಳಿಯುತ್ತದೆ. ಬದಲಿಗೆ ಮಿಶ್ರ ಊಟದ ಪರೀಕ್ಷೆ ಮಾಡುತ್ತಾರೆ. ರಾತ್ರಿ ಉಪವಾಸದ ನಂತರ ತೊಂದರೆ ತರುವಂಥ ಊಟವನ್ನೇ ಕೊಟ್ಟು, ಐದು ಗಂಟೆಯವರೆಗೆ ಪ್ರತಿ ಅರ್ಧ ಗಂಟೆಗೆ ರಕ್ತ ತೆಗೆಯುತ್ತಾರೆ, ಲಕ್ಷಣಗಳನ್ನೂ ಬರೆದಿಡುತ್ತಾರೆ. ಸಕ್ಕರೆ ಇಳಿದ ಮಾದರಿಗಳಲ್ಲಿ ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್ ನೋಡುತ್ತಾರೆ.

ಕೈ ನಡುಕಕ್ಕಿಂತ ಮಿದುಳಿಗೆ ಸಕ್ಕರೆ ಸಾಲದಾದಾಗಿನ ಲಕ್ಷಣಗಳು ಭಯ ಹುಟ್ಟಿಸಬೇಕು: ಮಾತು ತೊದಲುವುದು, ಗಲಿಬಿಲಿ, ಕಣ್ಣು ಮಂಜಾಗುವುದು, ಪ್ರಜ್ಞೆ ತಪ್ಪುವುದು, ಫಿಟ್ಸ್. ಬೆಳಗ್ಗೆ ಬರಿಹೊಟ್ಟೆಯಲ್ಲಿ, ರಾತ್ರಿ ಅಥವಾ ನಡೆದಾಗ ಬಂದರೆ ಇನ್ಸುಲಿನ್ ಸ್ರವಿಸುವ ಗಡ್ಡೆಯನ್ನೂ ಹುಡುಕಬೇಕಾಗುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಪೂರಕ ಮಾತ್ರೆಗಳನ್ನೂ ವೈದ್ಯರಿಗೆ ಹೇಳಬೇಕು. ನರಗಳ ಉರಿಗೆಂದು ಕೊಡುವ ಆಲ್ಫಾ ಲಿಪೊಯಿಕ್ ಆಮ್ಲದಿಂದ ಇನ್ಸುಲಿನ್ನಿನ ವಿರುದ್ಧವೇ ದೇಹದಲ್ಲಿ ಪ್ರತಿಕಾಯ ಹುಟ್ಟಿ ಸಕ್ಕರೆ ಇಳಿಯುವ ಅಪರೂಪದ ಕಾಯಿಲೆ ಭಾರತದಲ್ಲೂ ವರದಿಯಾಗಿದೆ. ಜಪಾನಿನ ಹಿರಾಟಾ 1970ರಲ್ಲಿ ಇಂಥ ರೋಗವನ್ನು ಮೊದಲು ವಿವರಿಸಿದ್ದರು.

ನಮ್ಮ ಮಹಿಳೆಗೆ ಮಿಶ್ರ ಊಟದ ಪರೀಕ್ಷೆಯಲ್ಲಿ ನಡುಕ ಬಂದ ಹೊತ್ತಿನ ಸಕ್ಕರೆ 71 ಎಂದಾದರೆ ಅದು ಕಡಿಮೆ ಸಕ್ಕರೆಯಲ್ಲ. ಎಚ್‌ಬಿಎ1ಸಿ ಶೇ 6 ಬಂದರೆ ಮಾತ್ರ ಅವರು ಮಧುಮೇಹದ ಹೊಸ್ತಿಲಲ್ಲಿದ್ದಾರೆ ಎಂದರ್ಥ. ಆಗ ವೈದ್ಯರು ಮೊದಲು ಬದಲಿಸಲು ಹೇಳುವುದು ಬೆಳಗಿನ ತಟ್ಟೆಯನ್ನು. ಕೇಸರಿಬಾತ್ ಜಾಗಕ್ಕೆ ಹೆಸರುಬೇಳೆ ದೋಸೆ ಅಥವಾ ಮೊಟ್ಟೆ, ಕಾಫಿಗೆ ಸಕ್ಕರೆ ಕಡಿಮೆ, ಹನ್ನೊಂದಕ್ಕೆ ಬಿಸ್ಕತ್ತಿನ ಬದಲು ಒಂದು ಹಿಡಿ ಶೇಂಗಾ.