ಬ್ರೇಕ್ ಹಿಡಿಯದ ವಾಹನದ ಕನಸು

ನಂದಿಬೆಟ್ಟದ ತಿರುವುಗಳಲ್ಲಿ ಇಳಿಯುತ್ತಿರುವಾಗ ಬ್ರೇಕ್ ಒತ್ತಿದರೂ ವಾಹನ ನಿಲ್ಲಲಿಲ್ಲ ಎಂಬ ಕನಸನ್ನು ನಾವು ಅನೇಕ ರೋಗಿಗಳಿಂದ ಕೇಳಿದ್ದೇವೆ. ಚಿಂತಾಮಣಿಯಿಂದ ಟೊಮೆಟೊ ಸಾಗಿಸುವ ಚಾಲಕರು, ಗೌರಿಬಿದನೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಯುವಕರು ಮಾತ್ರವಲ್ಲ, ವಾಹನ ನಡೆಸಲು ಬಾರದ ಗೃಹಿಣಿಯರೂ ಇದನ್ನು ಹೇಳುತ್ತಾರೆ. ಎಲ್ಲರೂ ಕೇಳುವುದು ಒಂದನ್ನೇ: ಇದು ಅಪಘಾತದ ಮುನ್ಸೂಚನೆಯೇ?

ಚರಕಸಂಹಿತೆಯ ಇಂದ್ರಿಯಸ್ಥಾನದ 5ನೆಯ ಅಧ್ಯಾಯದಲ್ಲಿ ಕನಸುಗಳನ್ನು 7 ಬಗೆಯಾಗಿ ವಿಂಗಡಿಸಲಾಗಿದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು ಎಂಬ ಮೊದಲ ಐದರಿಂದ ಹುಟ್ಟುವ ಕನಸುಗಳಿಗೆ ಫಲವಿಲ್ಲವೆಂದು ಆಚಾರ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ನಾವು ಕೇಳಿರುವ ಬ್ರೇಕಿನ ಕನಸುಗಳೆಲ್ಲ ಬಹುಮಟ್ಟಿಗೆ ಈ ಐದರಲ್ಲಿಯೇ ಸೇರುತ್ತವೆ. ಆದ್ದರಿಂದ ಮೊದಲು ವಾಹನವನ್ನು ಮೆಕ್ಯಾನಿಕ್‌ಗೆ ತೋರಿಸಿರೆಂದು ನಾವು ಹೇಳುತ್ತೇವೆ. ಇದು ತಮಾಷೆಯ ಮಾತಲ್ಲ. ಪೆಡಲ್ ನಿಜವಾಗಿಯೂ ಸಡಿಲವಾಗಿದ್ದರೆ ಹಗಲಿನಲ್ಲಿ ಕಾಲು ಅರಿತದ್ದನ್ನೇ ಮನಸ್ಸು ರಾತ್ರಿ ಕಾಣುತ್ತಿರಬಹುದು.

ಬ್ರೇಕ್ ಸರಿಯಿದ್ದೂ ಕನಸು ಮರುಕಳಿಸಿದರೆ ವಿಚಾರ ಬೇರೆ. ಶಿಡ್ಲಘಟ್ಟದ ರೇಷ್ಮೆ ರೀಲರ್ ಒಬ್ಬರ ಪ್ರಸಂಗವನ್ನು ಇಲ್ಲಿ ವಿವರಿಸಬಹುದು. ವಯಸ್ಸು 58. ವಾರದಲ್ಲಿ ಮೂರು ನಾಲ್ಕು ದಿನ ಬೆಳಗಿನ ಜಾವ ಒಂದೇ ಕನಸು: ಗೂಡು ತುಂಬಿದ ಲಗೇಜ್ ಆಟೋ ಇಳಿಜಾರಿನಲ್ಲಿ ಓಡುತ್ತದೆ, ಬ್ರೇಕ್ ತಳ ಮುಟ್ಟಿದರೂ ವೇಗ ತಗ್ಗುವುದಿಲ್ಲ. ಇದನ್ನು ಅಪಶಕುನವೆಂದು ತಿಳಿದು ಅವರು ಆಟೋ ನಡೆಸುವುದನ್ನೇ ಬಿಟ್ಟಿದ್ದರು. ಮತ್ತೆ ಕನಸು ಬಂದೀತೆಂಬ ಭಯದಿಂದ ನಿದ್ರೆಯನ್ನೂ ಮುಂದೂಡುತ್ತಿದ್ದರು.

ಕನಸು ಯಾವಾಗ ಆರಂಭವಾಯಿತೆಂದು ವಿಚಾರಿಸಿದೆವು. ಮಗ ಗೂಡಿನ ಮಾರುಕಟ್ಟೆಯ ಹರಾಜಿಗೆ ಹೋಗತೊಡಗಿದ ಮೇಲೆ ಎಂದರು. ಗೂಡನ್ನು ಕೊಂಡ ಮೇಲೆ ಬಹುಕಾಲ ಇಡಲಾಗದು. ಒಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ಎಳೆ ತುಂಡಾಗುತ್ತದೆ. ಹಾಗಾಗಿ ಮಗ ಹೆಚ್ಚು ಕೊಂಡಷ್ಟೂ ಇಲ್ಲಿ ಒಲೆ, ನೀರು, ಕೂಲಿ ಎಲ್ಲವೂ ನಡೆಯಲೇಬೇಕು. ನೂಲಿನ ಬೆಲೆ ಕುಸಿದ ದಿನವೂ ನಿಲ್ಲಿಸುವಂತಿಲ್ಲ. ಹಣ ಹೊಂದಿಸುವವರು ತಂದೆ, ಕೊಳ್ಳುವವನು ಮಗ. “ಬೇಡಪ್ಪಾ ಅನ್ನೋಕೂ ಆಗಲ್ಲ ಸ್ವಾಮಿ, ಸುಮ್ನಿರೋಕೂ ಆಗಲ್ಲ” ಎಂದರು. ಚಾಲಕನ ಆಸನದಲ್ಲಿ ತಾವಿದ್ದು, ನಿಲ್ಲಿಸುವ ಅಧಿಕಾರ ಮಾತ್ರ ತಮ್ಮಲ್ಲಿಲ್ಲ ಎಂಬ ಈ ಭಾವವೇ ಕನಸಿನ ಬ್ರೇಕ್ ಎಂದು ನಾವು ಅರ್ಥೈಸಿದೆವು. ಅಮೆರಿಕದ ಮನೋವೈದ್ಯ ಅರ್ನೆಸ್ಟ್ ಹಾರ್ಟ್‌ಮನ್ ಕೂಡ, ಎಚ್ಚರದ ಪ್ರಬಲ ಭಾವವೊಂದು ಕನಸಿನಲ್ಲಿ ಚಿತ್ರರೂಪ ತಾಳುತ್ತದೆ ಎಂದು ವಿವರಿಸಿದ್ದರು. ಘಟನೆ ಬದಲಾದರೂ ಭಾವ ಉಳಿಯುತ್ತದೆ.

ಬೆಳಗಿನ ಜಾವವೇ ಏಕೆ? ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ, ಸ್ಫುಟವಾದ ಕನಸುಗಳ ನಿದ್ರೆಯ ಹಂತವು ರಾತ್ರಿಯ ಕೊನೆಯ ಭಾಗದಲ್ಲಿ ದೀರ್ಘವಾಗಿರುತ್ತದೆ. ಆ ಹಂತದಲ್ಲಿ ಕೈಕಾಲುಗಳ ಸ್ನಾಯುಗಳು ಸ್ವಾಭಾವಿಕವಾಗಿಯೇ ನಿಶ್ಚೇಷ್ಟಿತವಾಗಿರುತ್ತವೆ. ಒತ್ತಿದ ಪಾದಕ್ಕೆ ಉತ್ತರ ದೊರೆಯದಿರುವ ಅನುಭವಕ್ಕೆ ಇದೂ ಸೇರಿರಬಹುದು. ಖಚಿತವಾಗಿ ಸಿದ್ಧಪಟ್ಟ ಮಾತಲ್ಲ. ಮನಸ್ಸನ್ನು ನಿಯಂತ್ರಿಸುವುದು ವಾತವೆಂದು ಚರಕರು ಹೇಳುವುದರಿಂದ, ಜಾಗರಣೆ ಮತ್ತು ಹೊತ್ತುಮೀರಿದ ಊಟದಿಂದ ವಾತವನ್ನು ಕೆರಳಿಸಿಕೊಂಡವರಲ್ಲಿ ನಾವು ಮೊದಲು ದಿನಚರಿಯನ್ನೇ ತಿದ್ದುತ್ತೇವೆ.

ಅವರಿಗೆ ರಾತ್ರಿ 8 ಗಂಟೆಯೊಳಗೆ ಊಟ, ಸಂಜೆಯ ನಂತರ ಕಾಫಿ ಚಹಾ ವರ್ಜ್ಯ, ಮಲಗುವ ಮುನ್ನ ಪಾದಗಳಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆ ಎಂದು ಸೂಚಿಸಿದೆವು. ಇದಕ್ಕಿಂತ ಮುಖ್ಯವಾದುದು ಕನಸನ್ನು ಹಗಲಿನಲ್ಲಿ ತಿದ್ದುವ ಅಭ್ಯಾಸ. ಇಂದಿನ ನಿದ್ರಾಚಿಕಿತ್ಸಕರೂ ದುಃಸ್ವಪ್ನಗಳಿಗೆ ಇದನ್ನು ಬಳಸುತ್ತಾರೆ. ಪ್ರತಿದಿನ ಹತ್ತು ನಿಮಿಷ ಕಣ್ಣುಮುಚ್ಚಿ ಕುಳಿತು ಅದೇ ಇಳಿಜಾರನ್ನು ನೆನೆಯಬೇಕು. ಪೆಡಲ್ ಹಿಡಿಯಲಿಲ್ಲ, ಮತ್ತೆ ಮತ್ತೆ ಒತ್ತಿದೆ, ಒಂದೊಂದಾಗಿ ಗೇರ್ ಇಳಿಸಿದೆ, ಹ್ಯಾಂಡ್ ಬ್ರೇಕನ್ನು ನಿಧಾನವಾಗಿ ಎಳೆದೆ, ರಸ್ತೆಯ ಅಂಚಿನ ಮಣ್ಣಿನಲ್ಲಿ ಗಾಡಿ ನಿಂತಿತು. ಕೊನೆಯನ್ನು ಹೀಗೆ ಬದಲಿಸಿ, ಪ್ರತಿದಿನವೂ ಅದನ್ನೇ ಕಾಣಬೇಕು.

ಮಗನನ್ನೂ ಕರೆಸಿದೆವು. ದಿನಕ್ಕೆ ಎಷ್ಟು ಕೆ.ಜಿ. ಗೂಡಿಗಿಂತ ಹೆಚ್ಚು ಕೊಳ್ಳಬಾರದೆಂದು ತಂದೆ ಮಗ ನಮ್ಮೆದುರೇ ಒಪ್ಪಿಕೊಂಡರು. ಇದು ಔಷಧವಲ್ಲವಾದರೂ ಬ್ರೇಕ್ ಸಿಕ್ಕಿದ್ದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ಐದನೆಯ ವಾರದ ಹೊತ್ತಿಗೆ ಕನಸು ಅಪರೂಪವಾಯಿತು. ಅವರು ಪುನಃ ಆಟೋ ನಡೆಸತೊಡಗಿದರು.

ಎಲ್ಲ ಬ್ರೇಕಿನ ಕನಸನ್ನೂ ಹೀಗೆಯೇ ಓದಬಾರದು. ರಕ್ತದೊತ್ತಡ, ಕೈನಡುಕಗಳಿಗೆ ನೀಡುವ ಪ್ರೊಪ್ರನೊಲಾಲ್‌ನಂತಹ ಕೆಲವು ಮಾತ್ರೆಗಳಿಂದಲೂ, ಮದ್ಯವನ್ನು ಥಟ್ಟನೆ ಬಿಟ್ಟಾಗಲೂ ಘೋರ ಕನಸುಗಳು ಬೀಳಬಹುದು. ಅಂಥ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ಕೊಟ್ಟ ವೈದ್ಯರನ್ನು ಕೇಳಬೇಕು. ಜೋರಾದ ಗೊರಕೆಯ ನಡುವೆ ಉಸಿರು ಕಟ್ಟುವುದನ್ನು ಮನೆಯವರು ಕಂಡಿದ್ದರೆ ನಿದ್ರೆಯ ಪರೀಕ್ಷೆ ಆಗಬೇಕು. ನಿದ್ರೆಯಲ್ಲಿಯೇ ನಿಜವಾಗಿ ಕಾಲು ಝಾಡಿಸಿ, ಪಕ್ಕದವರಿಗೆ ಪೆಟ್ಟಾಗುವಂತೆ ಒದೆಯುತ್ತಿದ್ದರೆ, ವಿಶೇಷವಾಗಿ 50 ದಾಟಿದವರಲ್ಲಿ, ಅದು ನರರೋಗದ ಆರಂಭದ ಲಕ್ಷಣವೂ ಆಗಿರಬಹುದು. ಅಂಥವರನ್ನು ನಾವು ನಮ್ಮಲ್ಲಿ ಇಟ್ಟುಕೊಳ್ಳದೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳುಹಿಸುತ್ತೇವೆ.