ಮನೆಗೆ ಬೀಗ, ಗಿಡಕ್ಕೆ ನೀರು

ಪ್ರಶ್ನೆ: ಒಂದು ತಿಂಗಳು ಊರಲ್ಲಿರುವುದಿಲ್ಲ. ತಾರಸಿ ಗಿಡಗಳಿಗೆ ನೀರು ಬಿಡುವ ಸ್ಮಾರ್ಟ್ ವಾಲ್ವನ್ನು ನಂಬಿ ಹೋಗಬಹುದೇ?

ಉತ್ತರ: ಹೋಗಬಹುದು. ಗಿಡ ಒಣಗುವುದಕ್ಕಿಂತ ದೊಡ್ಡ ಭಯ, ವಾಲ್ವ್ ತೆರೆದೇ ಉಳಿದು ಟ್ಯಾಂಕ್ ಬರಿದಾಗುವುದು. ‘ತೆರೆ’ ಎಂಬ ಆದೇಶ ತಲುಪಿದ ಮೇಲೆ ವೈಫೈ ಹೋದರೆ ‘ಮುಚ್ಚು’ ತಲುಪುವುದೇ ಇಲ್ಲ. ಹಾಗಾಗಿ ಕರೆಂಟ್ ಹೋದರೆ ತಾನೇ ಮುಚ್ಚಿಕೊಳ್ಳುವ ಸೊಲೆನಾಯ್ಡ್ ವಾಲ್ವ್ ಹಾಕಿಸಿ. ಅದನ್ನು ನಡೆಸುವ ಸ್ವಿಚ್ಚಿನೊಳಗೇ 10 ನಿಮಿಷದ ಆಟೊ ಆಫ್ ಇಡಿ. ಕರೆಂಟ್ ಮರಳಿದಾಗಲೂ ಅದು ಆಫ್ ಆಗಿಯೇ ಇರಲಿ. ನೀರು ಹರಿಯುವಾಗ ರೂಟರ್ ಆರಿಸಿ ಒಮ್ಮೆ ಪರೀಕ್ಷಿಸಿ. ಕಸ ಸಿಕ್ಕಿಕೊಂಡರೆ ಮಾತ್ರ ಇದಾವುದೂ ಕೆಲಸ ಮಾಡದು, ಮುಂದೊಂದು ಫಿಲ್ಟರ್ ಬೇಕು.

ಎಚ್ಚರಿಕೆಯ ಸಂದೇಶ? ನೆಟ್ ಸತ್ತ ಮನೆ ‘ತೊಂದರೆ’ ಎಂದು ಕೂಗಲಾರದು. ದಿನಾ ಬೆಳಿಗ್ಗೆ 8ಕ್ಕೆ ‘ಎಲ್ಲ ಸರಿ’ ಎಂಬ ಸಂದೇಶ ಬರುವಂತೆ ಮಾಡಿ. ಅದು ಬಾರದ ದಿನ, ಕೀಲಿ ಇಟ್ಟುಕೊಂಡಿರುವ ಪಕ್ಕದ ಮನೆಯವರಿಗೆ ಫೋನ್ ಮಾಡಿ.