ಹೊರನಾಡಿನ ವೇದಿಕೆಗೆ ಊರಿನ ಗಜಲ್

ಹೊರದೇಶದ ಕನ್ನಡ ಕೂಟದ ಸಂಜೆಗೆ ಊರಿನ ನೆನಪಿನ ಗಜಲ್ ಬರೆಯಹೊರಟವರು ಮೊದಲ ಪದಕ್ಕಾಗಿ ತಡಕಾಡುವುದೇ ಹೆಚ್ಚು. ಗಜಲ್ ಹುಟ್ಟುವುದು ಸಾಲಿನ ಕೊನೆಯಲ್ಲಿ. ಅಲ್ಲಿ ಬದಲಾಗದೆ ಮರಳಿ ಮರಳಿ ಬರುವ ಮಾತು ರದೀಫ್. ಅದರ ಬೆನ್ನಿಗೇ ಮುಂಚೆ ಬರುವ ಪ್ರಾಸಪದ ಕಾಫಿಯಾ. ಇವೆರಡನ್ನು ಗೊತ್ತುಮಾಡಿಕೊಂಡ ಮೇಲೆಯೇ ಬರೆಯಲು ಕೂರಬೇಕು.

ನೆಲ ಬಿಟ್ಟ ನೋವು ಗಜಲಿಗೆ ಹೊಸದಲ್ಲ. 1858ರಲ್ಲಿ ದೆಹಲಿಯಿಂದ ರಂಗೂನಿಗೆ ಗಡಿಪಾರಾಗಿ, 1862ರಲ್ಲಿ ಅಲ್ಲಿಯೇ ತೀರಿಕೊಂಡ ಬಹದ್ದೂರ್ ಷಾ ಜಫರ್ ಗಜಲ್ ಕವಿಯೂ ಹೌದು. ರಾಯಚೂರು ಸೀಮೆಯ ಶಾಂತರಸರು ಈ ಪ್ರಕಾರವನ್ನು ಕನ್ನಡಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು.

‘ನೆನಪಾಗುತ್ತಿದೆ’ ಎಂಬುದನ್ನು ರದೀಫ್ ಮಾಡಿಕೊಳ್ಳೋಣ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೇ ಬರುವುದರಿಂದ ಇದು ಎಳೆದುತಂದಂತೆ ಕೇಳಿಸುವುದಿಲ್ಲ. ಕಾಫಿಯಾಕ್ಕೆ ಹೊಸ್ತಿಲು, ಮೆಟ್ಟಿಲು, ಬಿಸಿಲು, ಮಡಿಲು, ಮುಗಿಲು, ನವಿಲು ಇವೆ, ಎಲ್ಲವೂ ಊರಿನವೇ. ಮತ್ಲಾ ಎನ್ನುವ ಮೊದಲ ದ್ವಿಪದಿಯಲ್ಲಿ ಎರಡೂ ಸಾಲಿಗೆ ಪ್ರಾಸ ಬೇಕು:

ಅಮ್ಮನು ಅರಿಸಿನ ಹಚ್ಚಿದ ಹೊಸ್ತಿಲು ನೆನಪಾಗುತ್ತಿದೆ
ಅಪ್ಪನು ಸಂಜೆಗೆ ಕೂರುವ ಮೆಟ್ಟಿಲು ನೆನಪಾಗುತ್ತಿದೆ

ಪ್ರತಿ ಸಾಲಿಗೂ 24 ಮಾತ್ರೆ. ಮುಂದಿನ ದ್ವಿಪದಿಗಳಲ್ಲಿ, ಅಂದರೆ ಶೇರ್‌ಗಳಲ್ಲಿ, ಮೊದಲ ಸಾಲಿಗೆ ಪ್ರಾಸದ ಹಂಗಿಲ್ಲ:

ಹೊರಗಡೆ ಹಿಮವಿದೆ, ಬೆಚ್ಚಗೆ ಕುಳಿತಿಹ ಕೋಣೆಯ ಒಳಗೂ
ಹಪ್ಪಳ ಒಣಗಿಸುವ ಊರಿನ ಬಿಸಿಲು ನೆನಪಾಗುತ್ತಿದೆ

ಮೊದಲ ಸಾಲು ಹೊರನಾಡಿನದು, ಎರಡನೆಯದು ಊರಿನದು. ಸಭೆಯಲ್ಲಿ ಮೊದಲ ಸಾಲನ್ನು ಎರಡು ಸಲ ಓದಿ ನಿಲ್ಲಬೇಕು. ಯಾವ ಪ್ರಾಸ ಬಂದೀತೆಂದು ಕೇಳುಗ ಮನಸ್ಸಿನಲ್ಲೇ ಹುಡುಕತೊಡಗುತ್ತಾನೆ. ‘ಬಿಸಿಲು’ ಎಂದೊಡನೆ ರದೀಫನ್ನು ಸಭೆಯೇ ಕೂಡಿ ಹೇಳುತ್ತದೆ. ಕನ್ನಡ ಸರಿಯಾಗಿ ಬಾರದ ಮಕ್ಕಳೂ ಅಷ್ಟು ಹೊತ್ತಿಗೆ ಆ ಒಂದು ಮಾತನ್ನು ಕಲಿತಿರುತ್ತಾರೆ. ಈ ಸಂಜೆಗಳಿಗೆ ಗಜಲ್ ಒಪ್ಪುವುದು ಇದಕ್ಕೇ.

ಕೊನೆಯ ದ್ವಿಪದಿ ಮಕ್ತಾದಲ್ಲಿ ಕವಿ ತನ್ನ ಕಾವ್ಯನಾಮವನ್ನು ತರುವುದು ವಾಡಿಕೆ. ‘ಪರದೇಸಿ’ ಎಂದಿಟ್ಟುಕೊಂಡರೆ:

ಪರದೇಸಿ ನಿನ್ನ ಮಗಳಿಗೆ ತೊಟ್ಟಿಲು ತೂಗುವ ಹೊತ್ತಲಿ
ನೀನೇ ಮಲಗಿದ್ದ ಅಮ್ಮನ ಮಡಿಲು ನೆನಪಾಗುತ್ತಿದೆ

ಹೆಚ್ಚಿನವರು ಎಡವುವುದು ಕಾಫಿಯಾದಲ್ಲಿ. ಮನೆಯಲ್ಲಿ, ಹೊಲದಲ್ಲಿ, ಗುಡಿಯಲ್ಲಿ ಎಂದು ಜೋಡಿಸಿದರೆ ಪ್ರಾಸ ಕೂಡಿದಂತೆ ಕಾಣುತ್ತದೆ, ಆದರೆ ಅಲ್ಲಿ ಕೂಡಿರುವುದು ಬರೀ ವಿಭಕ್ತಿ ಪ್ರತ್ಯಯ. ‘ಅಲ್ಲಿ’ ತೆಗೆದರೆ ಮನೆ, ಹೊಲ, ಗುಡಿಗಳ ನಡುವೆ ಪ್ರಾಸವೇ ಉಳಿಯುವುದಿಲ್ಲ. ಇನ್ನೊಂದು ತಪ್ಪು, ಶೇರ್‌ಗಳನ್ನು ಕತೆಯಂತೆ ಹೆಣೆಯುವುದು. ಹಪ್ಪಳದ ಬಿಸಿಲಿಗೂ ಅಮ್ಮನ ಮಡಿಲಿಗೂ ನಂಟು ಬೇಕಿಲ್ಲ. ಪ್ರತಿ ಶೇರ್ ತಾನೇ ಪೂರ್ಣವಾಗಿರಬೇಕು.

ವೇದಿಕೆ ಹತ್ತುವ ಮುನ್ನ ಒಂದೊಂದು ಶೇರನ್ನೂ ರದೀಫ್ ಬಿಟ್ಟು ಓದಿ ನೋಡಿ. ಅದಿಲ್ಲದೆಯೂ ಅರ್ಥ ಮುಗಿದುಹೋದರೆ ಆ ಶೇರನ್ನು ಕೈಬಿಡಿ. ಐದು ಗಟ್ಟಿ ಶೇರ್‌ಗಳಿದ್ದರೆ ಒಂದು ಗಜಲಿಗೆ ಸಾಕು.